ಕಾಮಾಲೆ: ಮೊಬೈಲ್ ಫೋಟೊದಲ್ಲಿ ಕಾಣುವ ಹಳದಿಯನ್ನು ಎಷ್ಟು ನಂಬಬಹುದು?

ಮೊಬೈಲ್ ಕ್ಯಾಮೆರಾದಿಂದಲೇ ಹಸುಗೂಸಿನ ಕಾಮಾಲೆ ಪತ್ತೆ ಮಾಡಬಹುದು ಎಂಬ ಸುದ್ದಿ ಕೆಲವು ವರ್ಷಗಳಿಂದ ಆಗಾಗ ಬರುತ್ತಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬಿಲಿಕ್ಯಾಮ್ ಎಂಬ ಆ್ಯಪ್ ಮಾಡಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಕಣ್ಣಿನ ಬಿಳಿಭಾಗದ ಚಿತ್ರದಿಂದ ಲೆಕ್ಕ ಹಾಕುವ ಇನ್ನೊಂದು ಆ್ಯಪನ್ನು ಘಾನಾ ದೇಶದಲ್ಲಿ 300ಕ್ಕೂ ಹೆಚ್ಚು ಶಿಶುಗಳ ಮೇಲೆ ಪರೀಕ್ಷಿಸಿದರು. ಇದನ್ನು ಓದಿದ ದಾವಣಗೆರೆ, ಚಿತ್ರದುರ್ಗದ ತಂದೆತಾಯಿಗಳು ಮಗುವಿನ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ: "ಸ್ವಲ್ಪ ಹಳದಿ ಆಗೈತೆ ಅನ್ಸುತ್ತೆ ಸರ್, ಕರ್ಕಂಡು ಬರ್ಬೇಕಾ?" ಮಕ್ಕಳ ವೈದ್ಯರು ಮಾತ್ರ ಫೋಟೊ ನೋಡಿ ಹೇಳುವುದಕ್ಕಾಗುವುದಿಲ್ಲ, ಮಗುವನ್ನೇ ತನ್ನಿ ಎನ್ನುತ್ತಾರೆ. ಕ್ಯಾಮೆರಾಕ್ಕೆ ಸಾಧ್ಯವಾಗುವುದು ವೈದ್ಯರ ಕಣ್ಣಿಗೆ ಯಾಕೆ ಸಾಧ್ಯವಿಲ್ಲ?

ಎರಡೂ ಕಡೆಯವರು ಹೇಳುವುದು ನಿಜವೇ. ಆ ಆ್ಯಪ್‌ಗಳು ನೋಡುವ ಚಿತ್ರವೇ ಬೇರೆ, ನಾವು ಕಳಿಸುವ ಚಿತ್ರವೇ ಬೇರೆ. ಇದು ಅರ್ಥವಾಗಬೇಕಾದರೆ ಮೊದಲು ಹಳದಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು.

ಹಳದಿ ಬರುವುದು ಎಲ್ಲಿಂದ

ಹಳೆಯದಾದ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ನೀರಿನಲ್ಲಿ ಕರಗುವಂತೆ ಬದಲಾಯಿಸಿ ಪಿತ್ತದ ಮೂಲಕ ಕರುಳಿಗೆ ಬಿಡುತ್ತದೆ, ಅಲ್ಲಿಂದ ಅದು ಮಲದಲ್ಲಿ ಹೊರಹೋಗುತ್ತದೆ. ಹಸುಗೂಸಿನಲ್ಲಿ ಈ ವ್ಯವಸ್ಥೆಯ ಎರಡೂ ತುದಿಯಲ್ಲಿ ತೊಡಕಿದೆ. ರಕ್ತಕಣಗಳು ಹೆಚ್ಚಿರುತ್ತವೆ, ಅವುಗಳ ಆಯುಸ್ಸು ದೊಡ್ಡವರ ಕಣಗಳಿಗಿಂತ ಕಡಿಮೆ. ಅವನ್ನು ಸಂಭಾಳಿಸಬೇಕಾದ ಯಕೃತ್ತಿನ ಕಿಣ್ವ ಇನ್ನೂ ಪೂರ್ತಿ ಕೆಲಸ ಶುರು ಮಾಡಿರುವುದಿಲ್ಲ. ಹಾಲು ಸರಿಯಾಗಿ ಕುಡಿಯದ ಮಗುವಿನಲ್ಲಿ ಮಲ ಕರುಳಲ್ಲೇ ನಿಂತು, ಬಿಲಿರುಬಿನ್ ಮತ್ತೆ ರಕ್ತಕ್ಕೆ ಸೇರುತ್ತದೆ.

ಹೀಗಾಗಿ ಹೆಚ್ಚಿನ ಮಕ್ಕಳಿಗೆ ಎರಡು-ಮೂರನೇ ದಿನ ಸ್ವಲ್ಪ ಹಳದಿ ಕಾಣುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಅದು 3ರಿಂದ 5ನೇ ದಿನದೊಳಗೆ ಗರಿಷ್ಠಕ್ಕೆ ಏರಿ ಆಮೇಲೆ ಇಳಿಯುತ್ತದೆ. ಸಹಜ ಹೆರಿಗೆಯಾದವರನ್ನು ಸಾಮಾನ್ಯವಾಗಿ 48 ಗಂಟೆಯ ಹೊತ್ತಿಗೆ ಮನೆಗೆ ಕಳಿಸಿರುತ್ತಾರೆ. ಅಂದರೆ ಬಿಲಿರುಬಿನ್ ಏರುವ ದಿನಗಳನ್ನು ಮಗು ಕಳೆಯುವುದು ಆಸ್ಪತ್ರೆಯಲ್ಲಲ್ಲ, ಬಾಣಂತಿ ಕೋಣೆಯಲ್ಲಿ. ಫೋಟೊ ಕಳಿಸುವ ಪ್ರಸಂಗ ಹುಟ್ಟುವುದೇ ಇಲ್ಲಿ.

ಹೆಚ್ಚಿನ ಮಕ್ಕಳಲ್ಲಿ ಇದು ತಾನಾಗಿ ಹೋಗುತ್ತದೆ ಎಂಬುದು ನಿಜ. ಆದರೆ ಮಟ್ಟ ತೀರಾ ಏರಿದರೆ ಬಿಲಿರುಬಿನ್ ಮಿದುಳಿನೊಳಗೆ ಇಳಿದು ಶಾಶ್ವತ ಹಾನಿ ಮಾಡುತ್ತದೆ. ಕಿವುಡುತನ, ಕೈಕಾಲುಗಳ ನಿಯಂತ್ರಣವಿಲ್ಲದ ಚಲನೆ ಅದರ ಫಲ. ಆ ಹಾನಿಯನ್ನು ಹಿಂದಕ್ಕೆ ತರುವ ಔಷಧಿ ಇಲ್ಲ. ಆದರೆ ಸಮಯಕ್ಕೆ ಸರಿಯಾಗಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರೆ ಬಹುತೇಕ ಪೂರ್ತಿಯಾಗಿ ತಡೆಯಬಹುದು.

ಒಂದೇ ಹಳದಿ, ಎರಡು ತೀರ್ಮಾನ

ಎಷ್ಟು ಹಳದಿಯಾದರೆ ಅಪಾಯ ಎಂದು ಎಲ್ಲರೂ ಕೇಳುತ್ತಾರೆ. ಇದಕ್ಕೆ ಒಂದೇ ಅಂಕಿಯ ಉತ್ತರವಿಲ್ಲ. ಮಗು ಹುಟ್ಟಿ ಎಷ್ಟು ಗಂಟೆಯಾಯಿತು, ಎಷ್ಟು ವಾರಕ್ಕೆ ಹುಟ್ಟಿತು ಎಂಬುದರ ಮೇಲೆ ಗೆರೆ ಮೇಲೆ ಕೆಳಗೆ ಆಗುತ್ತದೆ.

ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 38 ವಾರ ಅಥವಾ ಹೆಚ್ಚು ತುಂಬಿದ ಮಗುವಿಗೆ ಬೆಳಕಿನ ಚಿಕಿತ್ಸೆ ಶುರು ಮಾಡುವ ಗೆರೆ 24 ಗಂಟೆಗೆ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸುಮಾರು 11.7 ಮಿಲಿಗ್ರಾಂ. ಅದೇ 48 ಗಂಟೆಗೆ 14.6, 72 ಗಂಟೆಗೆ 17.5. ಆದರೆ 37 ವಾರಕ್ಕೆ ಹುಟ್ಟಿದ ಮಗುವಿಗೆ 72 ಗಂಟೆಯ ಗೆರೆ ಕೇವಲ 15.8. ನಮ್ಮ ಆಸ್ಪತ್ರೆಗಳಲ್ಲಿ ಬಳಸುವ ಪಟ್ಟಿಯ ಅಂಕಿಗಳು ಸ್ವಲ್ಪ ಬೇರೆ ಇರಬಹುದು, ಲೆಕ್ಕದ ಕ್ರಮ ಮಾತ್ರ ಇದೇ.

ಈಗ ಜಗಳೂರು ತಾಲ್ಲೂಕಿನ ಎರಡು ಕೂಸುಗಳನ್ನು ಊಹಿಸಿಕೊಳ್ಳಿ. ಎರಡಕ್ಕೂ ಮೂರು ದಿನ ತುಂಬಿದೆ, ಎರಡರ ಬಿಲಿರುಬಿನ್ 16.5. ಒಂದು 39 ವಾರಕ್ಕೆ ಹುಟ್ಟಿದ್ದು. ಅದು ಗೆರೆಯ ಕೆಳಗಿದೆ, ಹಾಲು ಚೆನ್ನಾಗಿ ಕುಡಿಸಿ ಕೆಲವು ಗಂಟೆ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರೆ ಸಾಕು. ಇನ್ನೊಂದು 37 ವಾರದ್ದು. ಅದು ಗೆರೆ ದಾಟಿದೆ, ಇವತ್ತೇ ಬೆಳಕಿನ ಕೆಳಗೆ ಹೋಗಬೇಕು. ಅಕ್ಕಪಕ್ಕ ಮಲಗಿಸಿದರೆ ಎರಡರ ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ. 15ಕ್ಕೂ 17ಕ್ಕೂ ಇರುವ ಅಂತರವನ್ನು ಅನುಭವಿ ವೈದ್ಯರ ಕಣ್ಣು ಕೂಡ ಹಗಲ ಬೆಳಕಿನಲ್ಲಿ, ಮಗುವನ್ನು ಎದುರಿಗಿಟ್ಟುಕೊಂಡು ನಂಬಿಕೆಯಿಂದ ಹೇಳಲಾರದು.

ಹಳದಿ ಮುಖದಿಂದ ಶುರುವಾಗಿ ಎದೆ, ಹೊಟ್ಟೆ, ತೊಡೆ, ಕೊನೆಗೆ ಅಂಗೈ ಅಂಗಾಲಿಗೆ ಇಳಿಯುತ್ತದೆ ಎಂಬ ಲೆಕ್ಕವೊಂದಿದೆ. 1969ರಲ್ಲಿ ಕ್ರೇಮರ್ ಎಂಬ ವೈದ್ಯರು ವಿವರಿಸಿದ್ದು. ಅಂಗಾಲು ಹಳದಿಯಾಗಿದ್ದರೆ ಮಟ್ಟ 15 ದಾಟಿರುವ ಸಾಧ್ಯತೆ ಹೆಚ್ಚು ಎಂದು ಎಚ್ಚರಿಸಲು ಅದು ಉಪಯುಕ್ತ. ಆದರೆ ಎದೆಯವರೆಗೆ ಮಾತ್ರ ಇದೆ, ಹಾಗಾಗಿ ಏನೂ ಆಗುವುದಿಲ್ಲ ಎಂದು ಸಮಾಧಾನಪಡಲು ಅದನ್ನು ಬಳಸಬಾರದು, ಅದರಲ್ಲೂ ಕಪ್ಪು ಮೈಬಣ್ಣದ ಮಕ್ಕಳಲ್ಲಿ.

ಕ್ಯಾಮೆರಾ ಬಣ್ಣವನ್ನು ತಿದ್ದುವ ಬಗೆ

ಬಿಲಿರುಬಿನ್ ನೀಲಿ ಬೆಳಕನ್ನು ಹೀರುತ್ತದೆ. ಚರ್ಮದಿಂದ ವಾಪಸ್ ಬರುವ ಬೆಳಕಿನಲ್ಲಿ ನೀಲಿ ಕಡಿಮೆಯಾಗುವುದರಿಂದಲೇ ನಮಗೆ ಹಳದಿ ಕಾಣುತ್ತದೆ. ಹಾಗಾಗಿ ಫೋಟೊದಲ್ಲಿ ಕಾಮಾಲೆಯ ಸುಳಿವು ಇರುವುದು ಮುಖ್ಯವಾಗಿ ನೀಲಿಯ ಪ್ರಮಾಣದಲ್ಲಿ. ಮೊಬೈಲ್ ಹೆಚ್ಚು ತಿದ್ದುವುದೂ ಇದನ್ನೇ.

ಬಲ್ಬಿನ ಬೆಳಕು ಹಳದಿ, ಮೋಡದ ದಿನದ ಬೆಳಕು ನೀಲಿ ಛಾಯೆಯದು. ನಮ್ಮ ಮಿದುಳು ಇದಕ್ಕೆ ಹೊಂದಿಕೊಳ್ಳುತ್ತದೆ, ಬಿಳಿ ಪಂಚೆ ಎಲ್ಲಿದ್ದರೂ ಬಿಳಿಯಾಗೇ ಕಾಣುತ್ತದೆ. ಕ್ಯಾಮೆರಾ ಇದನ್ನು ಅನುಕರಿಸಲು ಪ್ರಯತ್ನಿಸುತ್ತದೆ. ಚೌಕಟ್ಟಿನಲ್ಲಿ ಒಟ್ಟಾರೆ ಹಳದಿ ಜಾಸ್ತಿಯಿದ್ದರೆ ಅದು ಬೆಳಕಿನದೇ ಬಣ್ಣವಿರಬೇಕು ಎಂದು ಊಹಿಸಿ, ನೀಲಿಯನ್ನು ಏರಿಸಿ ಹಳದಿಯನ್ನು ತೆಗೆದುಹಾಕುತ್ತದೆ. ಇದನ್ನು ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಹಳದಿಯಾದ ಮಗುವಿನ ಮುಖವನ್ನೇ ತೀರಾ ಹತ್ತಿರದಿಂದ, ಚೌಕಟ್ಟು ತುಂಬ ತೆಗೆದರೆ ಕ್ಯಾಮೆರಾಕ್ಕೆ ಹೋಲಿಸಲು ಬೇರೇನೂ ಸಿಗುವುದಿಲ್ಲ. ಆಗ ಅದು ಕಾಮಾಲೆಯನ್ನೇ ಬಲ್ಬಿನ ಬೆಳಕೆಂದು ತಿಳಿದು ಅಳಿಸಬಹುದು. ಚೆನ್ನಾಗಿ ಕಾಣಲಿ ಎಂದು ಹತ್ತಿರದಿಂದ ತೆಗೆದ ಚಿತ್ರವೇ ಹೀಗೆ ಹೆಚ್ಚು ಮೋಸ ಮಾಡುತ್ತದೆ.

ಇದರ ಉಲ್ಟಾ ಕೂಡ ನಡೆಯುತ್ತದೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿರುತ್ತದೆ, ಹಳದಿ ಬಲ್ಬು ಉರಿಯುತ್ತಿರುತ್ತದೆ, ಮಗುವಿಗೆ ಎಣ್ಣೆ ಅರಿಶಿನ ಹಚ್ಚಿ ಎರೆದಿರುತ್ತಾರೆ, ಕೆಳಗೆ ಹಳೆಯ ಹಳದಿ ಸೀರೆ ಹಾಸಿರುತ್ತದೆ. ಇಂಥ ಚಿತ್ರದಲ್ಲಿ ಆರೋಗ್ಯವಾಗಿರುವ ಮಗು ಕೂಡ ಕಾಮಾಲೆ ಬಂದಂತೆ ಕಾಣುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ. ಪ್ರತಿ ಬಿಂದುವಿನ ಬಣ್ಣವನ್ನು ಮೊಬೈಲ್ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಲ್ಲಿ ಬರೆದಿಡುತ್ತದೆ. ಹಳದಿ ಬಲ್ಬಿನಡಿ ತೆಗೆದ ಚಿತ್ರದಲ್ಲಿ ಕಣ್ಣಿನ ಬಿಳಿಭಾಗ 210, 188, 140 ಎಂದಿದೆ ಎನ್ನೋಣ. ನೀಲಿ ತುಂಬಾ ಕಡಿಮೆ, ನೋಡಿದವರಿಗೆ ಹಳದಿಯೇ. ಅದೇ ಚಿತ್ರದಲ್ಲಿ ಪಕ್ಕದಲ್ಲಿಟ್ಟ ಬಿಳಿ ಕಾಗದ 240, 215, 160 ಎಂದಿದ್ದರೆ? ಕಾಗದದಲ್ಲೂ ಕೆಂಪಿನ ಮೂರರಲ್ಲಿ ಎರಡು ಪಾಲು ನೀಲಿ, ಕಣ್ಣಿನಲ್ಲೂ ಅಷ್ಟೇ. ಹಾಗಾದರೆ ಆ ಹಳದಿ ಬಲ್ಬಿನದು, ಕಣ್ಣು ಬಿಳಿಯಾಗೇ ಇದೆ. ಬದಲಿಗೆ ಕಣ್ಣಿನ ಅಂಕಿ 210, 185, 105 ಎಂದಿದ್ದರೆ ನೀಲಿ ಕೆಂಪಿನ ಅರ್ಧಕ್ಕೆ ಇಳಿದಿದೆ, ಬಲ್ಬಿನ ಹಳದಿಯನ್ನು ಕಳೆದರೂ ಇನ್ನೂ ಹಳದಿ ಉಳಿಯುತ್ತದೆ. ಕಾಗದವಿಲ್ಲದ ಚಿತ್ರದಲ್ಲಿ ಈ ಎರಡನ್ನೂ ಬೇರ್ಪಡಿಸುವ ದಾರಿ ಇಲ್ಲ.

ಇಷ್ಟಾದ ಮೇಲೂ ಈ ಅಂಕಿಗಳಿಂದ ಬಿಲಿರುಬಿನ್ ಎಷ್ಟೆಂದು ಮನೆಯಲ್ಲಿ ಲೆಕ್ಕ ಹಾಕಲಾಗದು. ಫೋಟೊದ ಅಂಕಿಗಳು ಬಿದ್ದ ಬೆಳಕಿನ ನೇರ ಅಳತೆಯಲ್ಲ. ನೋಡಲು ಚೆಂದವಾಗಲಿ ಎಂದು ಮೊಬೈಲ್ ಅವನ್ನು ಬಗ್ಗಿಸಿರುತ್ತದೆ. ಬ್ಯೂಟಿ ಮೋಡ್ ಇದ್ದರೆ ಚರ್ಮವನ್ನು ನುಣುಪು ಮಾಡಿ ಬೆಳ್ಳಗಾಗಿಸುತ್ತದೆ. ಮಂದ ಬೆಳಕಿನಲ್ಲಿ ಬಣ್ಣದ ಚುಕ್ಕೆಗಳನ್ನು ಒರೆಸಿ ಅಕ್ಕಪಕ್ಕದ ಬಣ್ಣ ಬೆರೆಸುತ್ತದೆ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುವಾಗ ಬೆಳಕು-ನೆರಳಿನ ವಿವರವನ್ನು ಉಳಿಸಿ ಬಣ್ಣದ ವಿವರವನ್ನು ಕಡಿಮೆ ಮಾಡುತ್ತದೆ, ಸಾಮಾನ್ಯವಾಗಿ ನಾಲ್ಕು ಬಿಂದುಗಳಿಗೆ ಒಂದೇ ಬಣ್ಣ. ಹಸುಗೂಸಿನ ಕಣ್ಣಿನಲ್ಲಿ ಬಿಳಿಭಾಗ ಕಾಣುವುದೇ ಒಂದು ಸಣ್ಣ ಪಟ್ಟಿ. ಅದರೊಳಗೆ ರೆಪ್ಪೆಯ ಕಂದು ಬಣ್ಣ ಸೋರಿಬಿಡುತ್ತದೆ. ಕೊನೆಗೆ ನೋಡುವವರ ಮೊಬೈಲಿನಲ್ಲಿ ರಾತ್ರಿ ಕಣ್ಣಿಗೆ ಹಿತವಾಗಲೆಂದು ಹಾಕಿದ ಹಳದಿ ಪರದೆಯಿದ್ದರೆ ಅದು ಇನ್ನೊಂದು ಪದರ.

ಆ್ಯಪ್‌ಗಳು ಮಾಡುವುದು ಏನು

ಈಗ ಮೊದಲಿನ ಗೊಂದಲ ಬಿಡಿಸಬಹುದು. ಬಿಲಿಕ್ಯಾಮ್ ಬಳಸುವಾಗ ಬಣ್ಣದ ಚೌಕಗಳಿರುವ ಕಾರ್ಡೊಂದನ್ನು ಮಗುವಿನ ಎದೆಯ ಮೇಲಿಟ್ಟು ಫ್ಲ್ಯಾಶ್ ಹಾಕಿ, ಫ್ಲ್ಯಾಶ್ ಇಲ್ಲದೆ ಎರಡೂ ಬಗೆಯಲ್ಲಿ ಚಿತ್ರ ತೆಗೆಯುತ್ತಾರೆ. ಕಾರ್ಡಿನ ಬಣ್ಣಗಳು ಮೊದಲೇ ಗೊತ್ತಿರುವುದರಿಂದ ಆ ಹೊತ್ತಿನ ಬೆಳಕು ಮತ್ತು ಆ ಮೊಬೈಲ್ ಬಣ್ಣವನ್ನು ಎಷ್ಟು ಕೆಡಿಸಿವೆ ಎಂದು ಲೆಕ್ಕ ಸಿಗುತ್ತದೆ. ಮೇಲಿನ ಉದಾಹರಣೆಯ ಬಿಳಿ ಕಾಗದದ ಕೆಲಸವನ್ನೇ ಇದು ಹೆಚ್ಚು ಕಟ್ಟುನಿಟ್ಟಾಗಿ ಮಾಡುತ್ತದೆ. ಇಷ್ಟೆಲ್ಲ ಮಾಡಿದರೂ ಆ್ಯಪ್ ಕೊಡುವುದು ಅಂದಾಜು. ಯಾವ ಮಗುವಿಗೆ ರಕ್ತಪರೀಕ್ಷೆ ಬೇಕು ಎಂದು ಸೋಸಿ ಹೇಳುವುದು ಅದರ ಕೆಲಸ, ಚಿಕಿತ್ಸೆ ನಿರ್ಧರಿಸುವುದು ರಕ್ತದ ಅಂಕಿಯೇ.

ಫೋಟೊ ಬೇಕೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಮೊಳಕಾಲ್ಮೂರಿನ ಗಡಿ ಹಳ್ಳಿಯಿಂದ ಬಾಣಂತಿ, ಕೂಸನ್ನು ಕಟ್ಟಿಕೊಂಡು ಚಿತ್ರದುರ್ಗಕ್ಕೆ ಹೋಗಿಬರುವುದೆಂದರೆ ಮನೆಯವರ ಒಂದು ದಿನದ ಕೂಲಿ ಹೋದಂತೆ, ಮೇಲೆ ಹಸಿ ಮೈಯ ಬಾಣಂತಿಯ ದಣಿವು. ಸುಮ್ಮನೆ ಓಡಾಡಿಸದಿರಲು ಫೋಟೊ ನೆರವಾದರೆ ಒಳ್ಳೆಯದೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ತಪ್ಪುಗಳು ಎರಡು ಬಗೆಯವು. ಇಲ್ಲದ ಹಳದಿ ಕಂಡರೆ ಒಂದು ದಿನದ ಓಡಾಟ ನಷ್ಟ. ಇರುವ ಹಳದಿ ಕಾಣದಿದ್ದರೆ ಮಗುವಿನ ಮಿದುಳಿಗೇ ಹೊಡೆತ. ಈ ಕಾರಣಕ್ಕೆ, ಫೋಟೊದಲ್ಲಿ ಹಳದಿ ಕಂಡರೆ ಹೋಗಿ ತೋರಿಸಲು ಅದು ಸಾಕಷ್ಟು ಕಾರಣ. ಕಾಣದಿದ್ದರೆ ಮನೆಯಲ್ಲೇ ಇರಲು ಅದು ಕಾರಣವಲ್ಲ.

ಬೆಳಕಿನ ಚಿಕಿತ್ಸೆ ಆಗಿ ಮನೆಗೆ ಬಂದ ಮಗುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನೀಲಿ ಬೆಳಕು ಮೊದಲು ತಿಳಿಯಾಗಿಸುವುದು ಚರ್ಮದಲ್ಲಿರುವ ಬಿಲಿರುಬಿನ್ನನ್ನು. ರಕ್ತದಲ್ಲಿ ಇನ್ನೂ ಹೆಚ್ಚಿದ್ದರೂ ಮೈ ಬೆಳ್ಳಗೆ ಕಾಣಬಹುದು, ಚಿಕಿತ್ಸೆ ನಿಲ್ಲಿಸಿದ ಮೇಲೆ ಕೆಲವರಲ್ಲಿ ಮತ್ತೆ ಏರಬಹುದು. ಮರುಪರೀಕ್ಷೆಗೆ ಬರಹೇಳಿದ ದಿನ, ಬಣ್ಣ ಸರಿಹೋಗಿದೆ ಎಂದು ಬಿಡುವುದು ಇದಕ್ಕೇ ತಪ್ಪು.

ಎಳೆಬಿಸಿಲಿನ ಮಾತೂ ಇಲ್ಲೇ ಬರುತ್ತದೆ. ಬಿಸಿಲಿನಲ್ಲಿ ನೀಲಿ ಬೆಳಕು ಇದೆ, ನಿಜ. ಎಷ್ಟು ಸಿಕ್ಕಿತು ಎಂದು ಅಳೆಯಲಾಗದು, ಮೈಯೆಲ್ಲ ಬಿಚ್ಚಿ ಗಂಟೆಗಟ್ಟಲೆ ಮಲಗಿಸಲಾಗದು. ಮಗು ಸುಡುತ್ತದೆ, ಇಲ್ಲವೇ ಮೈ ತಣ್ಣಗಾಗುತ್ತದೆ. ಗೆರೆ ದಾಟಿದ ಮಗುವಿಗೆ ಬಿಸಿಲು ಚಿಕಿತ್ಸೆಯಲ್ಲ. ನಾಟಿ ಔಷಧಿ ಕುಡಿಸುವುದು, ಬರೆ ಹಾಕಿಸುವುದು ಹಾನಿಯನ್ನು ಹೆಚ್ಚಿಸುತ್ತವೆ, ಕೈಯಲ್ಲಿರುವ ಗಂಟೆಗಳನ್ನು ತಿನ್ನುತ್ತವೆ.

ಕಣ್ಣಾರೆ ನೋಡುವ ಕ್ರಮ

ಮನೆಯವರಾಗಲಿ, ಮೂರನೇ ದಿನದ ಭೇಟಿಗೆ ಬರುವ ಆಶಾ ಕಾರ್ಯಕರ್ತೆಯಾಗಲಿ ನೋಡುವುದು ಹೀಗಿರಲಿ. ಹಗಲು ಹೊತ್ತು ಬಲ್ಬು ಆರಿಸಿ ಕಿಟಕಿ ತೆರೆಯಿರಿ. ಅರಿಶಿನ ಹಚ್ಚಿದ್ದರೆ ಒರೆಸಿ, ಬಟ್ಟೆ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಮಲಗಿಸಿ. ಹಣೆ, ಎದೆಮೂಳೆ, ಮೊಣಕಾಲಿನ ಕೆಳಗೆ ಬೆರಳಿನಿಂದ ಒಂದು ಕ್ಷಣ ಒತ್ತಿ ಬಿಡಿ. ಒತ್ತಿದಾಗ ರಕ್ತ ಸರಿದು, ಬಿಟ್ಟ ತಕ್ಷಣ ಚರ್ಮದ ನಿಜವಾದ ಬಣ್ಣ ಕಾಣುತ್ತದೆ. ಕಪ್ಪು ಮೈಬಣ್ಣದ ಮಗುವಿನಲ್ಲಿ ಒಸಡು ಮತ್ತು ಕಣ್ಣು ನೋಡಬೇಕು. ಕಣ್ಣನ್ನು ಬಲವಂತವಾಗಿ ತೆರೆಯಬೇಡಿ; ಮಗುವನ್ನು ನೆಟ್ಟಗೆ ಎತ್ತಿ ಹಿಡಿದು ಬೆಳಕು ಮುಖಕ್ಕೆ ಹೊಡೆಯದಂತೆ ತಿರುಗಿಸಿದರೆ ಸಾಮಾನ್ಯವಾಗಿ ತಾನೇ ತೆರೆಯುತ್ತದೆ.

ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ ಅದು ಎಷ್ಟೇ ತಿಳಿಯಾಗಿರಲಿ ತುರ್ತು. ಮಗು ಮಂಕಾಗಿ ಹಾಲಿಗೆ ಏಳದಿದ್ದರೆ, ಕೀರಲು ದನಿಯಲ್ಲಿ ಅತ್ತರೆ, ಬೆನ್ನು ಹಿಂದಕ್ಕೆ ಬಾಗಿಸಿದರೆ ಫೋಟೊಗೆ ಸಮಯ ಕಳೆಯದೆ 108ಕ್ಕೆ ಕರೆ ಮಾಡಬೇಕು.

ಎರಡು ವಾರ ಕಳೆದ ಮೇಲೂ ಹಳದಿ ಉಳಿದರೆ ನೋಡಬೇಕಾದದ್ದು ಮಲಮೂತ್ರದ ಬಣ್ಣ. ಹಸುಗೂಸಿನ ಮೂತ್ರ ಬಟ್ಟೆಗೆ ಹಳದಿ ಕಲೆ ಮಾಡಬಾರದು, ಮಲ ಸುಣ್ಣದಂತೆ ಬಿಳಿಚಿರಬಾರದು. ಹಾಗಿದ್ದರೆ ಪಿತ್ತನಾಳ ಕಟ್ಟಿಕೊಂಡಿರಬಹುದು. ಅದಕ್ಕೆ ಮಾಡುವ ಕಸಾಯ್ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಹೆಚ್ಚು. ಆದರೆ ಮೊದಲ ವಾರದ ಸಾಮಾನ್ಯ ಕಾಮಾಲೆಯಲ್ಲಿ ಬಿಲಿರುಬಿನ್ ನೀರಿನಲ್ಲಿ ಕರಗದ ರೂಪದಲ್ಲಿರುವುದರಿಂದ ಮೂತ್ರಕ್ಕೆ ಇಳಿಯುವುದೇ ಇಲ್ಲ. ಆ ವಾರದಲ್ಲಿ ಮೂತ್ರ ತಿಳಿಯಾಗಿದೆ ಎಂಬುದು ಧೈರ್ಯಕ್ಕೆ ಆಧಾರವಲ್ಲ.

ದೊಡ್ಡವರಲ್ಲಿ

ದೊಡ್ಡವರಲ್ಲಿ ಮಟ್ಟ 2.5ರಿಂದ 3 ದಾಟಿದಾಗ ಕಣ್ಣಿನಲ್ಲಿ ಹಳದಿ ಕಾಣತೊಡಗುತ್ತದೆ. ಇಲ್ಲಿ ಬಣ್ಣದ ಗಾಢತೆಗಿಂತ ಕಾರಣ ಮುಖ್ಯ: ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ಮದ್ಯ, ಔಷಧಿಗಳ ಅಡ್ಡಪರಿಣಾಮ, ಪಿತ್ತಕೋಶದ ಕಲ್ಲು, ಕೆಲವೊಮ್ಮೆ ಮೇದೋಜೀರಕದ ಗೆಡ್ಡೆ. ನೋಡುವಾಗ ಕೆಳಕ್ಕೆ ದಿಟ್ಟಿಸಲು ಹೇಳಿ ಮೇಲಿನ ರೆಪ್ಪೆ ಎತ್ತಿ, ಹಗಲ ಬೆಳಕಿನಲ್ಲಿ ಕಣ್ಣಿನ ಮೇಲ್ಭಾಗ ನೋಡಬೇಕು. ಹೊಲದಲ್ಲಿ ಧೂಳು ಬಿಸಿಲಿಗೆ ದುಡಿದವರಲ್ಲಿ ರೆಪ್ಪೆಗಳ ನಡುವೆ ಕಾಣುವ ಬಿಳಿಭಾಗ ಮೊದಲೇ ಕಂದು ಹಳದಿಯಾಗಿರುತ್ತದೆ. ಫೋಟೊದಲ್ಲಿ ಅದೇ ಕಾಮಾಲೆಯಂತೆ ಕಾಣುತ್ತದೆ, ಆದರೆ ಅದು ತೇಪೆ ತೇಪೆಯಾಗಿರುತ್ತದೆ. ಕಾಮಾಲೆ ಬಿಳಿಭಾಗಕ್ಕೆಲ್ಲ ಹರಡುತ್ತದೆ. ಸೆಲ್ಫಿಯಲ್ಲಿ ಇದರ ಉಲ್ಟಾ, ಬ್ಯೂಟಿ ಮೋಡ್ ಕಣ್ಣನ್ನು ಬೆಳ್ಳಗಾಗಿಸುತ್ತದೆ.

ಅನೇಕರಲ್ಲಿ ಕಣ್ಣಿಗಿಂತ ಮೊದಲು ಮೂತ್ರವೇ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಫೋಟೊ ಬಿಟ್ಟು ಬಿಲಿರುಬಿನ್, ಎಸ್‌ಜಿಪಿಟಿ ಮತ್ತು ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆ ಮಾಡಿಸಬೇಕು. ಯಕೃತ್ತು ಸೋಲುತ್ತಿದೆಯೇ ಎಂದು ಮೊದಲು ಹೇಳುವುದು ಈ ಕೊನೆಯ ಪರೀಕ್ಷೆ; ಬಣ್ಣಕ್ಕೆ ಆ ಶಕ್ತಿ ಇಲ್ಲ. ರೋಗಿ ಗೊಂದಲದಿಂದ ಮಾತಾಡಿದರೆ, ಹಗಲೆಲ್ಲ ತೂಕಡಿಸಿದರೆ, ಒಸಡಿನಲ್ಲಿ ರಕ್ತ ಬಂದರೆ ಅಥವಾ ಗರ್ಭಿಣಿಗೆ ಕಾಮಾಲೆ ಬಂದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಮೂಗಿಗೆ, ಕಣ್ಣಿಗೆ ಹಸಿರೌಷಧಿ ಹಿಂಡಿಸಿಕೊಂಡು ವಾರ ಕಾಯುವವರಲ್ಲಿ ಹೆಪಟೈಟಿಸ್ ಎ ಹೆಚ್ಚಾಗಿ ತಾನೇ ವಾಸಿಯಾಗುತ್ತದೆ, ಹೆಸರು ಔಷಧಿಗೆ ಬರುತ್ತದೆ. ಪಿತ್ತನಾಳ ಕಟ್ಟಿದವರು ಮಾತ್ರ ಆ ವಾರವನ್ನು ಕಳೆದುಕೊಳ್ಳುತ್ತಾರೆ.

ಫೋಟೊದ ಜೊತೆ ಏನು ಬರೆಯಬೇಕು

ರಾತ್ರಿಯಾಗಿದೆ, ವಾಹನವಿಲ್ಲ, ವೈದ್ಯರಿಗೆ ಸಂದೇಶ ಕಳಿಸಲೇಬೇಕಾದ ಸಂದರ್ಭ ಬಂದೇ ಬರುತ್ತದೆ. ಆಗ ಚಿತ್ರಕ್ಕಿಂತ ಬರಹ ಹೆಚ್ಚು ಹೇಳುತ್ತದೆ. ಮೇಲಿನ 37 ವಾರದ ಕೂಸಿನ ಮನೆಯವರು ಹೀಗೆ ಬರೆದರೆ ಸಾಕು:

"ಹುಟ್ಟಿದ್ದು ಸೋಮವಾರ ಬೆಳಿಗ್ಗೆ 6ಕ್ಕೆ, 37 ವಾರಕ್ಕೆ. ಈಗ ಗುರುವಾರ ಬೆಳಿಗ್ಗೆ 8. ಹುಟ್ಟಿದಾಗ 2.7 ಕೆ.ಜಿ., ಇವತ್ತು 2.4. ತಾಯಿಯದು ಒ ಪಾಸಿಟಿವ್, ಮಗುವಿನದು ಬಿ ಪಾಸಿಟಿವ್. ನಿನ್ನೆಯಿಂದ ಮೂರು ಸಲ ಮಾತ್ರ ಮೂತ್ರ. ಹಾಲಿಗೆ ಎಬ್ಬಿಸಬೇಕಾಗುತ್ತಿದೆ. ಎದೆ ಹೊಟ್ಟೆ ಹಳದಿ ಕಾಣುತ್ತಿದೆ."

ಇದರಲ್ಲಿ ವೈದ್ಯರಿಗೆ ಬೇಕಾದದ್ದೆಲ್ಲ ಇದೆ. ವಯಸ್ಸು 74 ಗಂಟೆ, 37 ವಾರ, ಆದ್ದರಿಂದ ಗೆರೆ ಕೆಳಗಿದೆ. ತೂಕ ಹುಟ್ಟಿದಾಗಿನದಕ್ಕಿಂತ ನೂರಕ್ಕೆ ಹನ್ನೊಂದರಷ್ಟು ಇಳಿದಿದೆ. ಹತ್ತು ದಾಟಿದರೆ ಹಾಲು ಸಾಲುತ್ತಿಲ್ಲ ಎಂದೇ ತಿಳಿಯಬೇಕು. ತಾಯಿ ಒ ಗುಂಪು, ಮಗು ಬಿ ಗುಂಪು ಇರುವಲ್ಲಿ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕಣಗಳನ್ನು ಒಡೆದು ಬಿಲಿರುಬಿನ್ ವೇಗವಾಗಿ ಏರಬಹುದು. ಇಂಥ ಸಂದೇಶಕ್ಕೆ ಜೋಡಿಸಿದ ಚಿತ್ರದಲ್ಲಿ ಮಗು ಎಷ್ಟೇ ಬೆಳ್ಳಗೆ ಕಂಡರೂ ಉತ್ತರ ಒಂದೇ: ಈಗಲೇ ಹೊರಟು ಬನ್ನಿ, ದಾರಿಯಲ್ಲಿ ಹಾಲು ಕುಡಿಸುತ್ತಿರಿ, ತಾಯಿ ಕಾರ್ಡು ಮರೆಯದೆ ತನ್ನಿ. ಆಸ್ಪತ್ರೆಯಲ್ಲಿ ಹಿಮ್ಮಡಿ ಚುಚ್ಚಿ ತೆಗೆಯುವ ಕೆಲವೇ ಹನಿ ರಕ್ತ ಉಳಿದದ್ದನ್ನು ಹೇಳುತ್ತದೆ.